ಬಾಕಿ ಬಿಲ್ಲಿನ ಬಡ್ಡಿ: ಯಾವ ದರ, ಎಷ್ಟು ದಿನ?

ಪಾರ್ಟಿಯಿಂದ ಹಣ ಬರುವುದು ತಡವಾದರೆ ಸಣ್ಣ ಕಾರ್ಖಾನೆಯ ಮಾಲೀಕರು ಮೊದಲು ಫೋನು ಮಾಡುತ್ತಾರೆ. ಮೊದಲ ಸಲ ‘ನಾಳೆ ಹಾಕಿಸ್ತೀವಿ ಸಾರ್’ ಎಂಬ ಉತ್ತರ ಬರುತ್ತದೆ. ಮುಂದಿನ ಸಲ ‘ಅಕೌಂಟ್ಸ್‌ನವರು ರಜೆ ಮೇಲಿದ್ದಾರೆ’ ಎನ್ನುತ್ತಾರೆ. ಆಮೇಲೆ ಫೋನು ಎತ್ತುವವರೇ ಇರುವುದಿಲ್ಲ. ಕೊನೆಗೊಂದು ದಿನ ರೇಗಿ ಒಂದೇ ಸಾಲಿನ ಇಮೇಲ್ ಹೋಗುತ್ತದೆ: ‘ಶೇ. 18 ಬಡ್ಡಿ ಸೇರಿಸಿ ಕೂಡಲೇ ಬಾಕಿ ಪಾವತಿಸಿ.’

ಇಂಥ ಸಾಲಿಗೆ ಬಡ್ಡಿ ಹುಟ್ಟುವುದು ಅಪರೂಪ. ಅದನ್ನು ಓದುವವರು ಆ ಕಂಪನಿಯ ಮಾಲೀಕರಲ್ಲ, ಅಕೌಂಟ್ಸ್ ಸೆಕ್ಷನ್ನಿನ ಒಬ್ಬ ಗುಮಾಸ್ತರು. ಯಾವ ಮೊತ್ತಕ್ಕೆ ಬಡ್ಡಿ, ಎಂದಿನಿಂದ ಎಂದಿನವರೆಗೆ, ಈ ದರವನ್ನು ಒಪ್ಪಿದವರು ಯಾರು ಎಂಬುದು ಕಾಗದದಲ್ಲಿ ಇಲ್ಲದಿದ್ದರೆ, ಕೊಡುವ ಮನಸ್ಸಿದ್ದರೂ ಅವರು ವೋಚರ್ ಬರೆಯಲಾರರು. ಕೊಡುವ ಮನಸ್ಸಿಲ್ಲದವರಿಗಂತೂ ‘ಲೆಕ್ಕ ಸ್ಪಷ್ಟವಿಲ್ಲ’ ಎಂದು ಇನ್ನೊಂದು ತಿಂಗಳು ತಳ್ಳಲು ನಾವೇ ನೆಪ ಒದಗಿಸಿದಂತೆ. ಬಡ್ಡಿ ಕೇಳುವ ಪತ್ರದಲ್ಲಿ ಕೋಪ ಇರಲಿ, ಬಿಡಲಿ; ಓದುವವರು ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದರೆ ನಮಗೆ ಬಂದ ಅಂಕಿಯೇ ಅವರಿಗೂ ಬರಬೇಕು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲೊಂದು ಸಣ್ಣ ಮೆಷಿನ್ ಶಾಪ್. ಹುಬ್ಬಳ್ಳಿಯ ಒಂದು ಕಂಪನಿಗೆ ಅದು ಗೇರ್ ಶಾಫ್ಟ್ ಮಾಡಿ ಕಳಿಸಿದೆ. ಸರಕಿನ ಬೆಲೆ 2 ಲಕ್ಷ ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಬಿಲ್ಲು 2,36,000 ರೂಪಾಯಿ. ಬಿಲ್ಲಿನ ತಾರೀಖು 2025ರ ಮೇ 31. ಲಾರಿ ಹುಬ್ಬಳ್ಳಿ ಮುಟ್ಟಿ ಗೇಟಿನಲ್ಲಿ ಎಂಟ್ರಿಯಾದದ್ದು ಜೂನ್ 2. ಪರ್ಚೇಸ್ ಆರ್ಡರಿನ ಆರನೇ ಷರತ್ತು ಹೀಗಿದೆ: ಸರಕು ತಲುಪಿದ 30 ದಿನಗಳೊಳಗೆ ಹಣ ಪಾವತಿ, ತಡವಾದರೆ ಬಾಕಿ ಮೊತ್ತಕ್ಕೆ ವರ್ಷಕ್ಕೆ ಶೇ. 18ರಂತೆ ಸರಳ ಬಡ್ಡಿ. ಗಡುವು ಮುಗಿದು ಏಳು ವಾರವಾದ ಮೇಲೆ, ಆಗಸ್ಟ್ 20ರಂದು 1 ಲಕ್ಷ ರೂಪಾಯಿ ಬಂತು. ಉಳಿದ 1,36,000 ರೂಪಾಯಿ ಸೆಪ್ಟೆಂಬರ್ 30ಕ್ಕೂ ಬಂದಿಲ್ಲ. ಆ ದಿನ ಪತ್ರ ಬರೆಯಲು ಕೂರುತ್ತಾರೆ.

ಮೊದಲು ದರದ ಮಾತು. ವ್ಯಾಪಾರಸ್ಥರ ಬಾಯಲ್ಲಿ ಇದು ‘ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ’, ಅಂದರೆ ತಿಂಗಳಿಗೆ ಶೇ. 1.5, ವರ್ಷಕ್ಕೆ ಶೇ. 18. ಆದರೆ ದರ ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಬರೆದಿದೆ ಎಂಬುದು ಮುಖ್ಯ. ನಮ್ಮ ಉದಾಹರಣೆಯಲ್ಲಿ ಅದು ಖರೀದಿದಾರರೇ ಕಳಿಸಿದ ಆರ್ಡರಿನಲ್ಲಿದೆ. ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. ಪತ್ರದಲ್ಲಿ ಆರ್ಡರಿನ ಸಂಖ್ಯೆ, ತಾರೀಖು, ಷರತ್ತಿನ ಸಂಖ್ಯೆ ಹಾಕಿದರೆ ಆಯಿತು. ಎರಡೂ ಕಡೆಯವರು ಸಹಿ ಮಾಡಿದ ಒಪ್ಪಂದ ಅಥವಾ ಅವರು ಒಪ್ಪಿ ಉತ್ತರಿಸಿದ ಕೊಟೇಶನ್ ಇದ್ದರೂ ಸಾಕು. ತೊಂದರೆ ಬರುವುದು ಬಿಲ್ಲಿನ ಅಡಿಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ‘ತಡವಾದರೆ ಶೇ. 24 ಬಡ್ಡಿ’ ಎಂದು ನಾವೇ ಅಚ್ಚು ಹಾಕಿಸಿದ್ದನ್ನು ನಂಬಿ ಕೂತಾಗ. ಅದು ಮಾರುವವರ ಮಾತು. ಕೊಳ್ಳುವವರು ಅದನ್ನು ಒಪ್ಪಿದ್ದರು ಎಂದು ತೋರಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಹಿಂದೆ ಅಂಥದೇ ಬಿಲ್ಲಿಗೆ ಅವರು ಬಡ್ಡಿ ಕಟ್ಟಿದ್ದರೆ ಆ ದಾಖಲೆಯನ್ನು ಜೊತೆಗಿಡುವುದು ಒಳ್ಳೆಯದು. ಹಾಗೆಯೇ ಶೇ. 36, ಶೇ. 48 ಎಂದು ಹೆದರಿಸುವ ದರ ಬರೆಸಿಕೊಂಡವರಿಗೂ ನೆಮ್ಮದಿಯಿಲ್ಲ. ತಪ್ಪಿದ್ದಕ್ಕೆ ದಂಡದಂತೆ ಕಾಣುವ ದರವನ್ನು ಕರಾರು ಕಾಯ್ದೆಯ 74ನೇ ಕಲಮಿನಡಿ ನ್ಯಾಯಾಲಯ ನ್ಯಾಯವೆನಿಸುವ ಮಟ್ಟಕ್ಕೆ ಇಳಿಸಬಹುದು.

ಇನ್ನು ದಿನಗಳ ಲೆಕ್ಕ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ, ಅದೂ ಮೊದಲ ದಿನದ ವಿಷಯಕ್ಕೆ. ಮಾರುವವರು ಬಿಲ್ಲಿನ ತಾರೀಖಿನಿಂದ ಎಣಿಸುತ್ತಾರೆ. ಕೊಳ್ಳುವವರು ಸರಕು ತಮ್ಮ ಗೇಟಿನೊಳಗೆ ಬಂದ ದಿನದಿಂದ, ಕೆಲವೊಮ್ಮೆ ಇನ್‌ಸ್ಪೆಕ್ಷನ್ ಮುಗಿದ ದಿನದಿಂದ ಎಣಿಸುತ್ತಾರೆ. ಆರ್ಡರಿನಲ್ಲಿ ಏನು ಬರೆದಿದೆಯೋ ಅದೇ ಅಂತಿಮ. ಇಲ್ಲಿ ‘ಸರಕು ತಲುಪಿದ’ ಎಂದಿರುವುದರಿಂದ ಜೂನ್ 2 ಮುಖ್ಯವಾಗುತ್ತದೆ, ಮೇ 31 ಅಲ್ಲ. ಆ ದಿನವನ್ನು ಬಿಟ್ಟು ಮರುದಿನದಿಂದ 30 ದಿನ ಎಣಿಸಿದರೆ ಗಡುವು ಜುಲೈ 2. ಆ ದಿನ ಸಂಜೆಯವರೆಗೂ ಹಣ ಕಟ್ಟಲು ಅವರಿಗೆ ಅವಕಾಶವಿದೆ. ಬಡ್ಡಿಯ ಮೊದಲ ದಿನ ಜುಲೈ 3. ಬಿಲ್ಲಿನ ತಾರೀಖಿನಿಂದ ಎಣಿಸಿದ್ದರೆ ಎರಡು ದಿನದ ಬಡ್ಡಿ, ಸುಮಾರು 233 ರೂಪಾಯಿ, ಹೆಚ್ಚಿಗೆ ಕೇಳಿದಂತಾಗುತ್ತಿತ್ತು. ಮೊತ್ತ ಚಿಕ್ಕದು. ಆದರೆ ಒಂದು ತಪ್ಪು ಸಿಕ್ಕಿದ ಮೇಲೆ ಎದುರಿನ ಅಕೌಂಟೆಂಟ್ ಉಳಿದ ಅಂಕಿಗಳನ್ನು ನಂಬುವುದಿಲ್ಲ. ಗೇಟ್ ಎಂಟ್ರಿಯ ಮೊಹರು ಬಿದ್ದ ಡೆಲಿವರಿ ಚಲನ್ ಪ್ರತಿಯನ್ನು ಜೋಪಾನವಾಗಿ ಇಡಬೇಕು ಎನ್ನುವುದು ಇದಕ್ಕೇ.

ಕೊನೆಯ ದಿನದಲ್ಲೂ ಇಂಥದೇ ಗೊಂದಲ ಬರುತ್ತದೆ. ಗಡುವಿನ ದಿನವನ್ನೂ ಹಣ ಬಂದ ದಿನವನ್ನೂ ಎರಡನ್ನೂ ಎಣಿಸಿದರೆ ಒಂದು ದಿನ ಜಾಸ್ತಿಯಾಗುತ್ತದೆ. ಗಡುವಿನ ದಿನ ಬಿಟ್ಟು ಹಣ ಬಂದ ದಿನ ಹಿಡಿದರೆ ಸರಿ. ಒಂದು ತಾರೀಖಿನಿಂದ ಇನ್ನೊಂದನ್ನು ಕಳೆದರೂ ಇದೇ ಸಂಖ್ಯೆ ಬರುವುದರಿಂದ ಎಕ್ಸೆಲ್ ಹಾಳೆಯಲ್ಲಿ ಪರೀಕ್ಷಿಸುವುದು ಸುಲಭ:

```
=DATE(2025,8,20)-DATE(2025,7,2)
```

ಉತ್ತರ 49. ಬೆರಳು ಮಡಚಿ ಎಣಿಸಿದರೂ ಜುಲೈಯಲ್ಲಿ 29, ಆಗಸ್ಟಿನಲ್ಲಿ 20, ಒಟ್ಟು 49. ‘ತಿಂಗಳಿಗೆ ಒಂದೂವರೆ’ ಎಂದು ತಿಂಗಳ ಲೆಕ್ಕದಲ್ಲಿ ಹೋಗುವವರು ಇಲ್ಲಿ ಎಡವುತ್ತಾರೆ. 49 ದಿನ ಒಂದೂವರೆ ತಿಂಗಳೋ ಎರಡು ತಿಂಗಳೋ ಎಂಬ ಚರ್ಚೆಗೆ ಕೊನೆಯಿಲ್ಲ. ವರ್ಷದ ದರ ಹಿಡಿದು, 365ರಿಂದ ಭಾಗಿಸಿ, ದಿನದಿಂದ ಗುಣಿಸುವುದೇ ನೇರ ದಾರಿ.

ನಡುವೆ ಬಂದ ಒಂದು ಲಕ್ಷವನ್ನು ಏನು ಮಾಡುವುದು? ಲೆಕ್ಕ ಅಲ್ಲಿಗೆ ಎರಡು ತುಂಡಾಗುತ್ತದೆ. ಜುಲೈ 3ರಿಂದ ಆಗಸ್ಟ್ 20ರವರೆಗಿನ 49 ದಿನ ಪೂರ್ತಿ 2,36,000ಕ್ಕೆ ಬಡ್ಡಿ. ಆಗಸ್ಟ್ 21ರಿಂದ ಸೆಪ್ಟೆಂಬರ್ 30ರವರೆಗಿನ 41 ದಿನ ಉಳಿದ 1,36,000ಕ್ಕೆ ಮಾತ್ರ. ಮೊದಲ ತುಂಡಿಗೆ 5,702.79 ರೂಪಾಯಿ, ಎರಡನೆಯದಕ್ಕೆ 2,749.81, ಒಟ್ಟು 8,452.60. ಇದನ್ನೆಲ್ಲ ಮರೆತು ‘ಮೂರು ತಿಂಗಳಾಯಿತು, 2,36,000ಕ್ಕೆ ಶೇ. 4.5’ ಎಂದು ಗುಣಿಸಿಬಿಟ್ಟರೆ 10,620 ಬರುತ್ತದೆ. ಎರಡು ಸಾವಿರಕ್ಕೂ ಮೀರಿದ ಈ ವ್ಯತ್ಯಾಸವನ್ನು ಎದುರಿನವರು ಕ್ಷಣದಲ್ಲಿ ಹಿಡಿಯುತ್ತಾರೆ, ಏಕೆಂದರೆ ಒಂದು ಲಕ್ಷ ಕೊಟ್ಟಿದ್ದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಬಲ್ಲವರು ಇಲ್ಲೊಂದು ಪ್ರಶ್ನೆ ಕೇಳಬಹುದು: ಬಂದ ಒಂದು ಲಕ್ಷದಲ್ಲಿ ಮೊದಲು ಬಡ್ಡಿ ಮುರಿದುಕೊಂಡು ಉಳಿದದ್ದನ್ನಷ್ಟೇ ಅಸಲಿಗೆ ಜಮಾ ಮಾಡಬಹುದಲ್ಲವೇ? ಕೊಟ್ಟವರು ‘ಇದು ಇಂಥ ಬಿಲ್ಲಿನ ಅಸಲಿಗೆ’ ಎಂದು ಹೇಳಿದ್ದರೆ, ನಾವು ಅದನ್ನು ಪಡೆದುಕೊಂಡ ಮೇಲೆ ಹಾಗೆಯೇ ಜಮಾ ಮಾಡಬೇಕು. ಕರಾರು ಕಾಯ್ದೆಯ 59ನೇ ಕಲಮು ಇದನ್ನೇ ಹೇಳುತ್ತದೆ. ಅವರು ಏನೂ ಹೇಳಿರದಿದ್ದರೆ ಮೊದಲು ಬಡ್ಡಿಗೆ, ನಂತರ ಅಸಲಿಗೆ ಎಂಬುದು ರೂಢಿಯ ನಿಯಮ. ನಮ್ಮ ಉದಾಹರಣೆಯಲ್ಲಿ ಎರಡು ವಿಧಾನಗಳ ನಡುವಿನ ವ್ಯತ್ಯಾಸ ಸೆಪ್ಟೆಂಬರ್ 30ಕ್ಕೆ ಬರೀ 115 ರೂಪಾಯಿ. ಅಷ್ಟಕ್ಕಾಗಿ ಪತ್ರವನ್ನು ಗೋಜಲು ಮಾಡುವುದಕ್ಕಿಂತ ಅಸಲಿಗೆ ಜಮಾ ಮಾಡಿ ಲೆಕ್ಕವನ್ನು ಸರಳವಾಗಿಡುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಬಾಕಿ ಕೋಟಿಗಳಲ್ಲಿದ್ದರೆ ಮಾತು ಬೇರೆ.

ಈಗ ಪತ್ರ. ಲೆಟರ್‌ಹೆಡ್ ಮೇಲೆ, ಖರೀದಿದಾರರ ಹೆಸರು ವಿಳಾಸದ ಕೆಳಗೆ, ಹೀಗೆ ಬರೆಯಬಹುದು.

ದಿನಾಂಕ: 30-9-2025

ವಿಷಯ: ಬಿಲ್ ಸಂಖ್ಯೆ 114, ದಿನಾಂಕ 31-5-2025ರ ಬಾಕಿ ಮತ್ತು ವಿಳಂಬ ಬಡ್ಡಿ

ಮಾನ್ಯರೇ,

ನಿಮ್ಮ ಪರ್ಚೇಸ್ ಆರ್ಡರ್ ಸಂಖ್ಯೆ 87ರಂತೆ ನಾವು ಕಳಿಸಿದ ಗೇರ್ ಶಾಫ್ಟ್‌ಗಳು 2-6-2025ರಂದು ನಿಮ್ಮ ಕಾರ್ಖಾನೆಯನ್ನು ತಲುಪಿವೆ. ಅಂದಿನ ಗೇಟ್ ಎಂಟ್ರಿ ಮೊಹರಿರುವ ಚಲನ್ ಪ್ರತಿಯನ್ನು ಲಗತ್ತಿಸಿದ್ದೇವೆ. ಆರ್ಡರಿನ 6ನೇ ಷರತ್ತಿನಂತೆ ಬಿಲ್ ಮೊತ್ತ 2,36,000 ರೂಪಾಯಿ 2-7-2025ರೊಳಗೆ ಬರಬೇಕಿತ್ತು. 20-8-2025ರಂದು ಬಂದ 1,00,000 ರೂಪಾಯಿಯನ್ನು ಅಸಲಿಗೆ ಜಮಾ ಮಾಡಿಕೊಂಡಿದ್ದೇವೆ. 1,36,000 ರೂಪಾಯಿ ಬಾಕಿ ಇದೆ.

ಅದೇ ಷರತ್ತಿನಲ್ಲಿ ಒಪ್ಪಿದಂತೆ ವರ್ಷಕ್ಕೆ ಶೇ. 18ರ ಸರಳ ಬಡ್ಡಿಯ ಲೆಕ್ಕ ಹೀಗಿದೆ:

3-7-2025ರಿಂದ 20-8-2025, 49 ದಿನ: 2,36,000 × 18 × 49 ÷ 36,500 = ರೂ. 5,702.79

21-8-2025ರಿಂದ 30-9-2025, 41 ದಿನ: 1,36,000 × 18 × 41 ÷ 36,500 = ರೂ. 2,749.81

ಒಟ್ಟು ಬಡ್ಡಿ: ರೂ. 8,452.60

ಅಸಲು ಮತ್ತು ಬಡ್ಡಿ ಸೇರಿ ಇಂದಿಗೆ ಬರಬೇಕಾದ ಮೊತ್ತ ರೂ. 1,44,452.60. ನಾಳೆಯಿಂದ ಅಸಲು ತೀರುವವರೆಗೆ ದಿನಕ್ಕೆ ರೂ. 67.07ರಂತೆ ಬಡ್ಡಿ ಸೇರುತ್ತದೆ. ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ದಯವಿಟ್ಟು 15-10-2025ರೊಳಗೆ ಪಾವತಿಸಿ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಯಾವ ಸಾಲಿನಲ್ಲಿ ಎಂದು ಅದೇ ದಿನಾಂಕದೊಳಗೆ ಬರಹದಲ್ಲಿ ತಿಳಿಸಿ.

ಪತ್ರ ಇಷ್ಟೇ. ಬೈಗುಳವಿಲ್ಲ, ಕೋರ್ಟಿನ ಬೆದರಿಕೆಯಿಲ್ಲ. ‘ದಿನಕ್ಕೆ 67.07’ ಎಂಬ ಸಾಲು ಚಿಕ್ಕದಾದರೂ ಕೆಲಸ ಮಾಡುವುದು ಅದೇ. ಅದಿಲ್ಲದಿದ್ದರೆ ಹಣ ಅಕ್ಟೋಬರ್ 10ಕ್ಕೆ ಬಂದಾಗ ಮತ್ತೆ ಹೊಸ ಲೆಕ್ಕ, ಹೊಸ ಪತ್ರ ಬೇಕಾಗುತ್ತದೆ. ‘ಯಾವ ಸಾಲಿನಲ್ಲಿ’ ಎಂದು ಕೇಳಿರುವುದೂ ಸುಮ್ಮನೆ ಅಲ್ಲ. ಒಟ್ಟಾರೆ ತಕರಾರು ತೆಗೆಯುವುದು ಸುಲಭ, ಒಂದು ಸಾಲನ್ನು ತೋರಿಸಿ ತಕರಾರು ಮಾಡುವುದು ಕಷ್ಟ. ಮುಂದಿನ ತಿಂಗಳು ಇನ್ನೊಂದು ಪತ್ರ ಬರೆಯಬೇಕಾಗಿ ಬಂದರೆ ಈ 8,452.60ರ ಮೇಲೆ ಮತ್ತೆ ಬಡ್ಡಿ ಹಾಕಬಾರದು. ಒಪ್ಪಿದ್ದು ಸರಳ ಬಡ್ಡಿ. ಪ್ರತಿ ತಿಂಗಳ ಬಡ್ಡಿಯನ್ನು ಲೆಡ್ಜರಿನಲ್ಲಿ ಬಾಕಿಗೆ ಸೇರಿಸುತ್ತಾ ಹೋದರೆ ಯಾರಿಗೂ ಗೊತ್ತಾಗದಂತೆ ಅದು ಚಕ್ರಬಡ್ಡಿಯಾಗಿಬಿಡುತ್ತದೆ.

ಬಡ್ಡಿಯ ದರ ಎಲ್ಲೂ ಬರೆದೇ ಇಲ್ಲದಿದ್ದರೆ? ಮುಕ್ಕಾಲು ಪಾಲು ಸಣ್ಣ ವ್ಯವಹಾರ ನಂಬಿಕೆಯ ಮೇಲೆಯೇ ನಡೆಯುವ ನಮ್ಮಲ್ಲಿ ಇದು ಸಹಜ. ಆಗ ಎರಡು ಕಾನೂನುಗಳು ನೆರವಿಗಿವೆ. 1978ರ ಬಡ್ಡಿ ಕಾಯ್ದೆಯ ಪ್ರಕಾರ, ಹಣ ಕೊಡುವ ದಿನವನ್ನು ಗೊತ್ತುಮಾಡಿದ ಬರಹ ಇದ್ದರೆ ಆ ದಿನದಿಂದ ನ್ಯಾಯಾಲಯ ಬಡ್ಡಿ ಕೊಡಿಸಬಹುದು. ಅಂಥ ಬರಹ ಇಲ್ಲದಿದ್ದರೆ, ಬಡ್ಡಿ ಕೇಳುತ್ತೇವೆ ಎಂದು ಬರಹದಲ್ಲಿ ನೋಟಿಸ್ ಕೊಟ್ಟ ದಿನದಿಂದ. ಅಂದರೆ ಬಾಯಿಮಾತಿನ ವ್ಯವಹಾರದಲ್ಲಿ ಬಡ್ಡಿಯ ಎಣಿಕೆ ಶುರುವಾಗುವುದೇ ಇಂಥದೊಂದು ಪತ್ರದಿಂದ. ಫೋನಿನಲ್ಲಿ ಎಷ್ಟು ಸಲ ಕೇಳಿದರೂ ಆ ದಿನ ಹುಟ್ಟುವುದಿಲ್ಲ.

ಎರಡನೆಯದು 2006ರ ಎಂಎಸ್‌ಎಂಇಡಿ ಕಾಯ್ದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಇದು ದೊಡ್ಡ ಆಸರೆ. ಖರೀದಿದಾರರು ಸರಕು ಒಪ್ಪಿಕೊಂಡ ದಿನದಿಂದ ಹಣ ಕೊಡಲು ಗರಿಷ್ಠ 45 ದಿನ. ಬರಹದಲ್ಲಿ ಗಡುವೇ ಇಲ್ಲದಿದ್ದರೆ 15 ದಿನ. ಅದು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಒಪ್ಪಂದದಲ್ಲಿ ಬೇರೆ ಏನೇ ಬರೆದಿದ್ದರೂ ಇದು ಅನ್ವಯಿಸುತ್ತದೆ ಎಂದು ಕಾಯ್ದೆಯ 16ನೇ ಕಲಮು ಹೇಳುತ್ತದೆ. 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬ್ಯಾಂಕ್ ದರ ಶೇ. 5.75 ಇತ್ತು, ಹಾಗಾಗಿ ಕಾಯ್ದೆಯ ದರ ಶೇ. 17.25. ನಮ್ಮ ಆರ್ಡರಿನ ಶೇ. 18ಕ್ಕಿಂತ ಇದು ಕಡಿಮೆಯಾಗಿ ಕಂಡರೂ ಚಕ್ರಬಡ್ಡಿಯಾದ್ದರಿಂದ, ದರ ಬದಲಾಗದಿದ್ದರೆ, ಏಳನೇ ತಿಂಗಳ ಹೊತ್ತಿಗೆ ಸರಳ ಬಡ್ಡಿಯನ್ನು ದಾಟುತ್ತದೆ. ಪತ್ರದಲ್ಲಿ ಎರಡರಲ್ಲಿ ಒಂದನ್ನು ಹಿಡಿಯಬೇಕು, ಎರಡನ್ನೂ ಬೆರೆಸಬಾರದು. ಕಾಯ್ದೆಯ ದರ ಕೇಳುವವರು ಉದ್ಯಮ್ ಸಂಖ್ಯೆಯನ್ನು ಪತ್ರದಲ್ಲೂ ಬಿಲ್ಲಿನಲ್ಲೂ ನಮೂದಿಸಬೇಕು. ಸರಕು ಕಳಿಸಿದ ಮೇಲೆ ನೋಂದಣಿ ಮಾಡಿಸಿಕೊಂಡವರಿಗೆ ಹಳೆಯ ಬಿಲ್ಲಿಗೆ ಇದು ಸಿಗುವುದು ಕಷ್ಟ, ಮತ್ತು ಬರೀ ವ್ಯಾಪಾರ ಮಾಡುವ ಅಂಗಡಿಯವರಿಗೆ ಈ ರಕ್ಷಣೆಯಿಲ್ಲ. ಪತ್ರಕ್ಕೂ ಬಗ್ಗದಿದ್ದರೆ ಇದೇ ಕಾಯ್ದೆಯಡಿ ರಾಜ್ಯದ ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಬಹುದು. ಅಲ್ಲಿ ಮೊದಲು ಕೇಳುವುದು ಈ ಪತ್ರದಲ್ಲಿರುವ ಆರ್ಡರು, ಬಿಲ್ಲು, ಚಲನ್ ಮತ್ತು ದಿನದ ಲೆಕ್ಕವನ್ನೇ.

ಜಿಎಸ್‌ಟಿ ಬಗ್ಗೆ ಎರಡು ಮಾತು. ತಡವಾಗಿ ಬಂದ ಹಣದ ಬಡ್ಡಿಯೂ ಸರಕಿನ ಬೆಲೆಗೇ ಸೇರುವುದರಿಂದ ಆ ಸರಕಿನ ದರದಲ್ಲೇ ತೆರಿಗೆ ಬೀಳುತ್ತದೆ. ಆದರೆ ತೆರಿಗೆಯ ಹೊಣೆ ಹುಟ್ಟುವುದು ಬಡ್ಡಿ ಕೈಗೆ ಬಂದ ದಿನ, ಪತ್ರ ಬರೆದ ದಿನವಲ್ಲ. ಬಂದ ಮೇಲೆ ಡೆಬಿಟ್ ನೋಟ್ ಮಾಡಿ ರಿಟರ್ನಿನಲ್ಲಿ ತೋರಿಸಿದರೆ ಸರಿ. ಇನ್ನೊಂದು ಸಂಗತಿ ಎದುರಿನವರಿಗೆ ತಟ್ಟುವಂಥದ್ದು: ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ, ಆ ಬಿಲ್ಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಖರೀದಿದಾರರು ಬಾಕಿಯ ಪ್ರಮಾಣಕ್ಕೆ ತಕ್ಕಂತೆ ವಾಪಸ್ ಮಾಡಬೇಕು. ಇಲ್ಲಿ ಆ ದಿನ 2025ರ ನವೆಂಬರ್ 27. ಹಣ ಕೊಟ್ಟ ಮೇಲೆ ಕ್ರೆಡಿಟ್ ಮತ್ತೆ ಸಿಗುತ್ತದೆ, ನಿಜ. ಆದರೂ ಅಕೌಂಟ್ಸ್‌ನವರಿಗೆ ಈ ತಾರೀಖನ್ನು ಸೌಮ್ಯವಾಗಿ ನೆನಪಿಸಿದರೆ ಹಣ ಬೇಗ ಹೊರಡುವುದುಂಟು.

ವಾಸ್ತವದಲ್ಲಿ ಎಷ್ಟೋ ಸಲ ಬಡ್ಡಿ ಪೂರ್ತಿ ಬರುವುದಿಲ್ಲ. ಖರೀದಿದಾರರು ಫೋನು ಮಾಡಿ ‘ಅಸಲು ಈಗಲೇ ಹಾಕ್ತೀವಿ, ಬಡ್ಡಿ ಬಿಟ್ಟುಬಿಡಿ’ ಎನ್ನುತ್ತಾರೆ. ಮುಂದಿನ ಆರ್ಡರು ಬೇಕಾದ ಮಾಲೀಕರು ಒಪ್ಪುತ್ತಾರೆ. ಒಪ್ಪುವುದರಲ್ಲಿ ತಪ್ಪಿಲ್ಲ, ಬಾಯಲ್ಲಿ ಒಪ್ಪುವುದು ತಪ್ಪು. ‘ಬಿಲ್ ಸಂಖ್ಯೆ 114ರ ಅಸಲು 1,36,000 ರೂಪಾಯಿ 15-10-2025ರೊಳಗೆ ಬಂದರೆ ಮಾತ್ರ ಈ ಬಿಲ್ಲಿನ ಬಡ್ಡಿ ಬಿಡುತ್ತೇವೆ, ಮುಂದಿನ ಬಿಲ್ಲುಗಳಿಗೆ 6ನೇ ಷರತ್ತು ಹಾಗೆಯೇ ಇರುತ್ತದೆ’ ಎಂದು ಎರಡು ಸಾಲು ಬರೆದು ಕಳಿಸಬೇಕು. ಸುಮ್ಮನೆ ಬಿಟ್ಟುಕೊಡುತ್ತಾ ಹೋದರೆ, ಈ ಷರತ್ತನ್ನು ಮಾರುವವರೇ ಎಂದೂ ಜಾರಿ ಮಾಡಿಲ್ಲ ಎಂಬ ವಾದಕ್ಕೆ ಮುಂದೊಂದು ದಿನ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ.

ಕೊನೆಗೆ ಕಾಲಮಿತಿ. ಬಾಕಿ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಅವಧಿ. ವರ್ಷಕ್ಕೆ ಹತ್ತು ನೆನಪೋಲೆ ಬರೆದರೂ ನಮ್ಮ ಪತ್ರದಿಂದ ಆ ಅವಧಿ ಒಂದು ದಿನವೂ ಬೆಳೆಯುವುದಿಲ್ಲ. ಅವಧಿಯೊಳಗೆ ಅವರು ಬಾಕಿ ಒಪ್ಪಿ ಸಹಿ ಮಾಡಿಕೊಟ್ಟರೆ ಆ ದಿನದಿಂದ ಹೊಸ ಮೂರು ವರ್ಷ ಸಿಗುತ್ತದೆ. ಆದ್ದರಿಂದ ಬಡ್ಡಿ ಪತ್ರ ಕಳಿಸುವಾಗ ಅದರ ಜೊತೆಗೇ ‘30-9-2025ಕ್ಕೆ ಬಾಕಿ ಅಸಲು 1,36,000 ರೂಪಾಯಿ ಎಂದು ಒಪ್ಪುತ್ತೇವೆ’ ಎಂಬ ಒಂದು ಸಾಲಿನ ದೃಢೀಕರಣವನ್ನೂ ಇಟ್ಟು, ಸಹಿ ಮತ್ತು ಮೊಹರು ಹಾಕಿಸಿ ತರಿಸಿಕೊಳ್ಳಿ. ಬಡ್ಡಿ ಬರದಿದ್ದರೂ ಆ ಒಂದು ಸಹಿಯಿಂದ ಅಸಲಿನ ಹಕ್ಕು ಉಳಿಯುತ್ತದೆ.